ಮಗಳಿಗೊಂದು ಪತ್ರ: ಮೊದಲು ಫೋನ್ ನಂಬರ್, ಆಮೇಲೆ ಖಾತೆ

ಪ್ರೀತಿಯ ಪುಟ್ಟಿ,

ಗಂಡನಿಂದ ವಿಚ್ಛೇದನಕ್ಕೆ ಹೊರಟಿರುವ ನೀನು, ನಿಮ್ಮಿಬ್ಬರ ಜಂಟಿ ಖಾತೆಯನ್ನು ನಾಳೆಯೇ ಮುಚ್ಚಿಸಿಬಿಡುತ್ತೇನೆ ಅಂದೆಯಲ್ಲ, ಈಗಲೇ ಬೇಡ. ಅದು ಕೊನೆಯಲ್ಲಿ ಮಾಡುವ ಕೆಲಸ. ಮೊದಲು ಮಾಡಬೇಕಾದ್ದು ಬ್ಯಾಂಕಿನಲ್ಲೂ ಅಲ್ಲ, ಮೊಬೈಲ್ ಅಂಗಡಿಯಲ್ಲಿ.

ನೀನು ಬಳಸುತ್ತಿರುವ ಸಿಮ್ ಯಾರ ಹೆಸರಿನಲ್ಲಿದೆ ನೋಡು. ಮದುವೆಯಾದ ಹೊಸದರಲ್ಲಿ ಅವರ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನಿಗೆ ಸೇರಿಸಿಕೊಂಡದ್ದಾದರೆ ಸಿಮ್ ಅವರದೇ. ಅವರು ಬೇಕೆಂದಾಗ ಅದನ್ನು ನಿಲ್ಲಿಸಬಹುದು, ಅದೇ ನಂಬರಿಗೆ ಬೇರೆ ಸಿಮ್ ತೆಗೆಸಿಕೊಳ್ಳಬಹುದು. ಬ್ಯಾಂಕಿನ ಒಟಿಪಿ, ಯುಪಿಐ, ಆಧಾರ್ ಎಲ್ಲವೂ ನಿಂತಿರುವುದು ಆ ಒಂದು ನಂಬರಿನ ಮೇಲೆ. ಆದ್ದರಿಂದ ನಿನ್ನ ಆಧಾರ್ ಕೊಟ್ಟು ನಿನ್ನ ಹೆಸರಿನಲ್ಲೇ ಹೊಸ ಸಿಮ್ ತಗೋ. ಆಧಾರ್ ಕೇಂದ್ರಕ್ಕೆ ಹೋಗಿ ಆ ನಂಬರನ್ನು ಸೇರಿಸು. ಇಮೇಲ್ ಪಾಸ್‌ವರ್ಡ್ ಬದಲಿಸುವಾಗ ರಿಕವರಿ ನಂಬರನ್ನೂ ಬದಲಿಸು. ಇದನ್ನು ಬಹಳ ಜನ ಮರೆಯುತ್ತಾರೆ. ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿದ್ದರೂ ರಿಕವರಿ ಕೋಡ್ ಹಳೆಯ ನಂಬರಿಗೇ ಹೋಗುತ್ತಿದ್ದರೆ ಏನು ಪ್ರಯೋಜನ?

ಈಗ ಖಾತೆ. ಜಂಟಿ ಖಾತೆ ಇರುವ ಬ್ಯಾಂಕನ್ನು ಬಿಟ್ಟು ಬೇರೆ ಬ್ಯಾಂಕಿನಲ್ಲಿ ತೆರೆ. ಇದಕ್ಕೆ ಎರಡು ಕಾರಣ. ಒಂದೇ ಬ್ಯಾಂಕಿನಲ್ಲಿ ನೀನು ಎಷ್ಟು ಖಾತೆ ತೆರೆದರೂ ಅವೆಲ್ಲ ನಿನ್ನ ಒಂದೇ ಗ್ರಾಹಕ ಸಂಖ್ಯೆಯ ಕೆಳಗೆ ಬರುತ್ತವೆ. ಜಂಟಿ ಖಾತೆ ತೆರೆದಾಗ ನಿನ್ನ ಗ್ರಾಹಕ ಸಂಖ್ಯೆಗೂ ಅವರ ಮೊಬೈಲನ್ನೇ ಬರೆಸಿದ್ದರೆ, ಹೊಸ ಖಾತೆಯ ಎಸ್ಎಂಎಸ್ ಕೂಡ ಅವರ ಫೋನಿಗೇ ಹೋದೀತು. ಎರಡನೆಯದು, ಮನೆ ಸಾಲ ಅದೇ ಬ್ಯಾಂಕಿನದು, ನೀನು ಸಹ-ಸಾಲಗಾರ್ತಿ. ಕಂತು ತಪ್ಪಿದರೆ ನಿನ್ನ ಉಳಿತಾಯ ಖಾತೆಯಿಂದ ವಸೂಲು ಮಾಡಿಕೊಳ್ಳುವ ಹಕ್ಕನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸಾಲದ ಕರಾರಿನಲ್ಲೇ ಬರೆದುಕೊಂಡಿರುತ್ತವೆ.

ಬಾಡಿಗೆ ಕರಾರು ನಿನ್ನ ಹೆಸರಿನಲ್ಲಿರಲಿ, ವಿಳಾಸದ ದಾಖಲೆಗೆ ಬೇಕಾಗುತ್ತದೆ. ಹೊಸ ಖಾತೆಯ ಪಾಸ್‌ಬುಕ್ ಕೈಗೆ ಬಂದ ಮೇಲೆ ಆಫೀಸಿನಲ್ಲಿ ಸಂಬಳದ ಖಾತೆ ಬದಲಿಸಲು ಅರ್ಜಿ ಕೊಡು. ಸಂಬಳದ ಪಟ್ಟಿ ಸಿದ್ಧವಾದ ಮೇಲೆ ಕೊಟ್ಟರೆ ಆ ತಿಂಗಳ ಸಂಬಳ ಹಳೆಯ ಖಾತೆಗೇ ಹೋಗುತ್ತದೆ, ಅದಕ್ಕೇ ತಿಂಗಳ ಮೊದಲ ವಾರದಲ್ಲೇ ಕೊಡು. ಸರ್ಕಾರದ ಹಣವೇನಾದರೂ ಆಧಾರ್ ಮೂಲಕ ಬರುತ್ತಿದ್ದರೆ, ಅದು ನಿನ್ನ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ, ಅಂದರೆ ಜೋಡಣೆಯಾಗಿದೆಯೋ, ಅಲ್ಲಿಗೆ ಬೀಳುತ್ತದೆ. ಖಾತೆ ತೆರೆದ ಮಾತ್ರಕ್ಕೆ ಸೀಡಿಂಗ್ ಬದಲಾಗುವುದಿಲ್ಲ. ಅದಕ್ಕೆ ಹೊಸ ಬ್ಯಾಂಕಿನಲ್ಲಿ ಬೇರೆಯೇ ಒಪ್ಪಿಗೆ ಪತ್ರ ಬರೆದುಕೊಡಬೇಕು.

ಇನ್ನು ಹಳೆಯ ಜಂಟಿ ಖಾತೆ. ಅದರ ಕಳೆದ ಮೂರು ವರ್ಷದ ಸ್ಟೇಟ್‌ಮೆಂಟ್ ಇವತ್ತೇ ತೆಗೆದಿಟ್ಟುಕೋ. ಖಾತೆ ಮುಚ್ಚಿದ ಮೇಲೆ ಆನ್‌ಲೈನಿನಲ್ಲಿ ಸಿಗುವುದಿಲ್ಲ, ಶಾಖೆಗೆ ಅಲೆಯಬೇಕು. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ವಿವರದ ಅಫಿಡವಿಟ್ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್-ನೇಹಾ ಪ್ರಕರಣದಲ್ಲಿ ಹೇಳಿದೆ, ಆಗ ಇದೇ ಕಾಗದ ಬೇಕು. ಆಮೇಲೆ ಸ್ಟೇಟ್‌ಮೆಂಟ್ ಹಿಡಿದು ಕೂತು, ತಾನಾಗಿ ಕಡಿತವಾಗುವ ಪ್ರತಿಯೊಂದಕ್ಕೂ ಗುರುತು ಹಾಕು: ಎಲ್ಐಸಿ ಪ್ರೀಮಿಯಂ, ಎಸ್ಐಪಿ, ಶಾಲೆಯ ಫೀಸು, ಕಂತು. ಹನ್ನೆರಡು ತಿಂಗಳು ಹಿಂದಕ್ಕೆ ನೋಡು, ಯಾಕೆಂದರೆ ವರ್ಷಕ್ಕೊಮ್ಮೆ ಕಡಿತವಾಗುವ ಪ್ರೀಮಿಯಂ ಮೂರು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ನಿನಗೆ ಸಂಬಂಧಿಸಿದವನ್ನು ಹೊಸ ಖಾತೆಗೆ ಬದಲಿಸು. ಒಂದು ಸುತ್ತು ಅಲ್ಲಿಂದ ಸರಿಯಾಗಿ ಕಡಿತವಾಗುವ ತನಕ ಹಳೆಯದು ಜೀವಂತ ಇರಲಿ, ಇಲ್ಲದಿದ್ದರೆ ಕಡಿತ ಬೌನ್ಸ್ ಆಗಿ ದಂಡ ಬೀಳುತ್ತದೆ.

ಅಷ್ಟರೊಳಗೆ ಅವರು ದುಡ್ಡೆಲ್ಲ ತೆಗೆದುಬಿಟ್ಟರೆ ಎಂಬ ಭಯ ಸಹಜ. ಪಾಸ್‌ಬುಕ್ಕಿನಲ್ಲಿ ‘ಈದರ್ ಆರ್ ಸರ್ವೈವರ್’ ಎಂದಿದ್ದರೆ ಒಬ್ಬರ ಸಹಿಯಲ್ಲೇ ಪೂರ್ತಿ ಹಣ ತೆಗೆಯಬಹುದು. ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ವಹಿವಾಟು ಬೇಡವೆಂದು ಶಾಖೆಗೆ ಲಿಖಿತ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೋ. ಸಾಮಾನ್ಯವಾಗಿ ಒಬ್ಬರ ಪತ್ರಕ್ಕೇ ಬ್ಯಾಂಕು ತಡೆ ಹಾಕುತ್ತದೆ, ತೆರವಿಗೆ ಮಾತ್ರ ಇಬ್ಬರೂ ಬೇಕು. ಆದರೆ ಮನೆ ಸಾಲದ ಕಂತು ಅದೇ ಖಾತೆಯಿಂದ ಹೋಗುತ್ತಿದ್ದರೆ ಅದೂ ನಿಂತೀತು, ಮೊದಲೇ ಮ್ಯಾನೇಜರನ್ನು ಕೇಳು. ನೀನೇ ಪೂರ್ತಿ ಹಣ ತೆಗೆಯಲು ಮಾತ್ರ ಹೋಗಬೇಡ. ನಾಳೆ ಕೋರ್ಟಿನಲ್ಲಿ ಅದರ ಲೆಕ್ಕ ಕೇಳುತ್ತಾರೆ.

ಮನೆ ಸಾಲದ ವಿಚಾರದಲ್ಲಿ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ‘ಇನ್ನು ಕಂತು ಅವರೇ ಕಟ್ಟುತ್ತಾರೆ’ ಎಂದು ಒಪ್ಪಂದದಲ್ಲಿ ಬರೆದರೆ ಅದು ನಿಮ್ಮಿಬ್ಬರ ನಡುವಿನ ಮಾತು, ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಅವರು ಕಂತು ತಪ್ಪಿಸಿದರೆ ನಿನ್ನ ಸಿಬಿಲ್ ಸ್ಕೋರೂ ಬೀಳುತ್ತದೆ. ಸಾಲದಿಂದ ನಿನ್ನನ್ನು ಬಿಟ್ಟಿದ್ದೇವೆಂದು ಬ್ಯಾಂಕ್ ಪತ್ರ ಕೊಡುವ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡ. ಹಾಕಿದರೆ ಮನೆ ಹೋಗಿ ಸಾಲ ಮಾತ್ರ ನಿನ್ನ ಹೆಸರಿನಲ್ಲಿ ಉಳಿಯುತ್ತದೆ. ಅವರೊಬ್ಬರ ಆದಾಯಕ್ಕೆ ಸಾಲ ನಿಲ್ಲುತ್ತದೆಯೇ ಎಂದು ಬ್ಯಾಂಕ್ ಮತ್ತೆ ಲೆಕ್ಕ ಹಾಕುವುದರಿಂದ ತಡವಾಗಬಹುದು, ಆಗಲಿ.

ಇನ್ನು ಬಜೆಟ್. ಕೈಗೆ ಬರುವ ಸಂಬಳ 38,000 ಎಂದಿಟ್ಟುಕೊಂಡು ಬರೆದಿದ್ದೇನೆ. ಬಾಡಿಗೆ 11,000, ದಿನಸಿ-ಹಾಲು-ತರಕಾರಿ-ಗ್ಯಾಸ್ 8,500, ಕರೆಂಟು-ನೀರು-ಫೋನು 2,000, ಪೆಟ್ರೋಲು 2,000, ಶಾಲಾ ವ್ಯಾನು 1,500, ಮನೆಕೆಲಸದವರಿಗೆ 1,500, ಔಷಧಿ 1,000. ಒಟ್ಟು 27,500. ಹತ್ತು ಸಾವಿರ ಉಳಿಯಿತಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡ, ಬಜೆಟ್ ಕೆಡುವುದೇ ಇಲ್ಲಿ. ಶಾಲೆಯ ಫೀಸು 48,000, ಆರೋಗ್ಯ ವಿಮೆ 18,000, ಸ್ಕೂಟರಿನ ವಿಮೆ ಮತ್ತು ಸರ್ವಿಸ್ 6,000, ಹಬ್ಬ, ಬಟ್ಟೆ, ಮದುವೆ-ಮುಂಜಿಯ ಮುಯ್ಯಿ 12,000. ವರ್ಷಕ್ಕೆ 84,000, ತಿಂಗಳಿಗೆ 7,000. ಇದನ್ನು ಸಂಬಳ ಬಂದ ದಿನವೇ ನಿನ್ನ ಹೆಸರಿನದೇ ಇನ್ನೊಂದು ಖಾತೆಗೆ ಹಾಕಿಬಿಡು, ಅದಕ್ಕೆ ಎಟಿಎಂ ಕಾರ್ಡೂ ಬೇಡ, ಯುಪಿಐಯೂ ಬೇಡ. ಆಗ ನಿಜವಾದ ಖರ್ಚು 34,500, ಉಳಿಯುವುದು 3,500 ಮಾತ್ರ.

ಈ ಲೆಕ್ಕದಲ್ಲಿ ಜೀವನಾಂಶ ಸೇರಿಸಿಲ್ಲ, ಬೇಕೆಂದೇ. ಕೋರ್ಟು ಆದೇಶ ಮಾಡಿದರೂ ಅದು ಪ್ರತಿ ತಿಂಗಳೂ ತಾರೀಖಿಗೆ ಸರಿಯಾಗಿ ಬರುತ್ತದೆಂದು ನಂಬಿ ಬಾಡಿಗೆ ಕಟ್ಟಲಾಗದು. ತಿಂಗಳಿಗೆ 10,000 ಬಂದರೆ ಮೂರು ತಿಂಗಳ ಖರ್ಚು, ಅಂದರೆ 1,03,500 ಜಮೆಯಾಗುವ ತನಕ ಪೂರ್ತಿ ಪಕ್ಕಕ್ಕಿಡು. ಒಂದೂ ತಪ್ಪದೆ ಬಂದರೆ ಹನ್ನೊಂದು ತಿಂಗಳು. ವಕೀಲರ ಫೀಸನ್ನೂ ಅದರಿಂದಲೇ ಕೊಟ್ಟರೆ ಇನ್ನೂ ಎಳೆಯುತ್ತದೆ. ನಗದಾಗಿ ಮಾತ್ರ ತೆಗೆದುಕೊಳ್ಳಬೇಡ, ಖಾತೆಗೇ ಹಾಕಲಿ. ಕೊಟ್ಟದ್ದಕ್ಕೂ ಕೊಡದ್ದಕ್ಕೂ ಆಗ ಪಾಸ್‌ಬುಕ್ಕೇ ಸಾಕ್ಷಿ.

ಆರೋಗ್ಯ ವಿಮೆಯನ್ನು ತಡಮಾಡಬೇಡ. ಅವರ ಆಫೀಸಿನ ವಿಮೆಯಲ್ಲಿ ನೀನಿರುವುದು ಹೆಂಡತಿ ಎಂಬ ಲೆಕ್ಕದಲ್ಲಿ, ವಿಚ್ಛೇದನದ ಡಿಕ್ರಿ ಬಂದರೆ ಅದು ಮುಗಿಯಿತು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕ್ಲೇಮು ಕೊಡುವುದಿಲ್ಲ, ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ನಿನ್ನ ಥೈರಾಯ್ಡ್ ಬರೆಸು, ಮುಚ್ಚಿಟ್ಟರೆ ಕ್ಲೇಮು ತಿರಸ್ಕರಿಸುತ್ತಾರೆ.

ಕೊನೆಗೆ ನಾಮಿನಿ. ಹೊಸ ಖಾತೆಗೆ ಮಗುವಿನ ಹೆಸರು ಬರೆಸಿದರೆ, ಅವಳು ದೊಡ್ಡವಳಾಗುವ ತನಕ ಹಣ ಪಡೆಯುವವರ ಹೆಸರನ್ನೂ ಕೇಳುತ್ತಾರೆ, ನನ್ನದು ಕೊಡು. ಪಿಎಫ್‌ನಲ್ಲಿ ಡಿಕ್ರಿಯಾಗುವ ತನಕ ಗಂಡ ಕುಟುಂಬದ ಲೆಕ್ಕದಲ್ಲೇ ಇರುತ್ತಾರೆ. ಅವರನ್ನು ಕೈಬಿಡಬೇಕಾದರೆ ಪಿಎಫ್ ಕಮಿಷನರ್‌ಗೆ ನೀನೇ ಲಿಖಿತವಾಗಿ ತಿಳಿಸಬೇಕು. ಆ ಪತ್ರದ ನಕಲು ಫೈಲಿನಲ್ಲಿರಲಿ.

ಈ ಶನಿವಾರ ಎರಡನೇ ಶನಿವಾರ, ಬ್ಯಾಂಕಿಲ್ಲ. ಶುಕ್ರವಾರ ಅರ್ಧ ದಿನ ರಜೆ ಹಾಕು, ಪಾಪುವನ್ನು ಶಾಲೆಯಿಂದ ನಾನು ಕರೆದುಕೊಂಡು ಬರುತ್ತೇನೆ.

ನಿನ್ನ
ಅಮ್ಮ