ಆ ಪತ್ರ ಬರೆದ ಟೀಚರ್‌ಗೆ

ಕೊಪ್ಪಳದಲ್ಲಿ ನನ್ನ ಮಗನಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡುವ ಟೀಚರ್‌ಗೆ ಥ್ಯಾಂಕ್ಸ್ ಹೇಳಬೇಕು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ.

ಮಗನ ಓದಿನ ಬಗ್ಗೆ ಅವರು ಮನೆಗೊಂದು ಪತ್ರ ಕಳಿಸಿದ್ದರು. ದಡ್ಡ, ಸೋಮಾರಿ ಅನ್ನುವ ಮಾತೇ ಅದರಲ್ಲಿರಲಿಲ್ಲ. "ಕಥೆ ಹೇಳಿದರೆ ಪೂರ್ತಿ ನೆನಪಿಟ್ಟು ಹೇಳುತ್ತಾನೆ. ತಾನೇ ಓದುವಾಗ ಒತ್ತಕ್ಷರ ಬಂದ ಕಡೆ ನಿಲ್ಲುತ್ತಾನೆ. 'ಅಕ್ಕ' ಇದ್ದರೆ 'ಅಕ' ಅನ್ನುತ್ತಾನೆ, ದೀರ್ಘ ಬಿಡುತ್ತಾನೆ" ಎಂದು ಶುರುವಾಗಿತ್ತು. ತೊಡಕು ಬುದ್ಧಿಯಲ್ಲಿಲ್ಲ, ಅಕ್ಷರಕ್ಕೆ ದನಿ ಜೋಡಿಸುವಲ್ಲಿದೆ ಅಂತ ಅಷ್ಟರಲ್ಲೇ ತಿಳಿಯಿತು. ಅದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿಡುವ ಗೋಜಿಗೆ ಅವರು ಹೋಗಲಿಲ್ಲ. ಅದು ಪರೀಕ್ಷೆ ಮಾಡಿದ ತಜ್ಞರು ಹೇಳಬೇಕಾದ ಮಾತು, ಅಲ್ವಾ? ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ ಎಂದಷ್ಟೇ ಬರೆದಿದ್ದರು.

ಆಮೇಲೆ ಯೋಜನೆ. ಶಾಲೆಯಲ್ಲಿ ದಿನಾ 20 ನಿಮಿಷ ಅವರೇ ಕೂರಿಸಿಕೊಂಡು, ಒಂದು ಸಲಕ್ಕೆ ಒಂದೇ ಒತ್ತಕ್ಷರ ಕಲಿಸುತ್ತಾರೆ. ಪದವನ್ನು ಚಪ್ಪಾಳೆ ತಟ್ಟಿ ಒಡೆದು ಹೇಳಿಸಿ, ಆಮೇಲೆ ಬರೆಸುತ್ತಾರೆ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುವುದಿಲ್ಲ. ಪರಿಸರ ಅಧ್ಯಯನದ ಉತ್ತರಗಳನ್ನು ಬಾಯಲ್ಲೇ ಕೇಳುತ್ತಾರೆ. ಮನೆಯಲ್ಲಿ 10 ನಿಮಿಷ ನಾವು ಓದುವುದು, ಅವನು ಬೆರಳಿಟ್ಟು ಜೊತೆಗೆ ಓದುವುದು. "ತಪ್ಪಿದ ಪದ ಹತ್ತು ಸಲ ಬರೆಸು" ಅನ್ನುತ್ತಿದ್ದ ನಮ್ಮ ಅತ್ತೆಗೂ ಪತ್ರ ಓದಿ ಹೇಳಿದೆ. ಈಗ ಜೊತೆಗೆ ಕೂರುವವರು ಅವರೇ!

ಆರು ವಾರಕ್ಕೆ ಟೀಚರ್ ಮತ್ತೆ ನೋಡಿದರು. ಒತ್ತಕ್ಷರ ಸುಮಾರಾಗಿ ಬರುತ್ತಿದೆ, ದೀರ್ಘ ಇನ್ನೂ ತಪ್ಪುತ್ತದೆ. ಮುಂದಿನ ಪತ್ರದಲ್ಲಿ ಅದನ್ನೇ ಹಿಡಿದಿದ್ದಾರೆ. ಅದೂ ಸಾಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸೋಣ, ನಾನೂ ಬರುತ್ತೇನೆ ಅಂದಿದ್ದಾರೆ. ತುಂಬಾ ಥ್ಯಾಂಕ್ಸ್, ಟೀಚರ್.