ಮಂಜು, ಹರ್ಷಿತಾ ಹೆಸರಲ್ಲಿ 9 ಕೂತಿದೆ, ತೆಗಿ

ಮಂಜು,

ವಾರ್ಷಿಕೋತ್ಸವದ ಬ್ಯಾನರಿನ ಎರಡನೇ ಪ್ರೂಫ್ ನೋಡಿದೆ. ಬಣ್ಣ ಚೆನ್ನಾಗಿದೆ, ಅತಿಥಿಗಳ ಫೋಟೊ ಸಾಲು ನಮ್ಮ ಹೆಡ್‌ಮಾಸ್ಟರಿಗೂ ಹಿಡಿಸಿತು. ಆದರೆ ಪ್ರಿಂಟಿಗೆ ಮಾತ್ರ ಇನ್ನೂ ಕೊಡಬೇಡ ಕಣೋ. ಕೆಳಗೆ ಹತ್ತನೇ ಕ್ಲಾಸಿನಲ್ಲಿ ಜಾಸ್ತಿ ಅಂಕ ತೆಗೆದವರ ಸಾಲಿದೆಯಲ್ಲ, ಅಲ್ಲಿ ಮೊದಲನೇ ಹೆಸರನ್ನೇ ಜೂಮ್ ಮಾಡಿ ನೋಡು. ಹರ್ಷಿತಾ ಅಂತ ಇರಬೇಕಾದಲ್ಲಿ "ಹಷಿ9ತಾ" ಅಂತಿದೆ. ಪಕ್ಕದಲ್ಲೇ 612 ಅಂತ ಅಂಕ ಇರೋದರಿಂದ ದೂರದಿಂದ ನೋಡಿದರೆ ಅದೂ ಯಾವುದೋ ಅಂಕ ಅನ್ನೋ ಹಾಗೆ ಕಾಣುತ್ತದೆ. ಅವತ್ತು ಅವರಪ್ಪ ಗುಬ್ಬಿಯಿಂದ ನೆಂಟರನ್ನೆಲ್ಲ ಕರೆದುಕೊಂಡು ಬಂದು ಆ ಬ್ಯಾನರ್ ಕೆಳಗೇ ನಿಂತು ಫೋಟೊ ತೆಗೆಸಿಕೊಳ್ತಾರೆ.

ನೀನು ತಪ್ಪು ಟೈಪ್ ಮಾಡಿದೆ ಅಂತ ನಾನು ಹೇಳುತ್ತಿಲ್ಲ. ಅದೇ ಬ್ಯಾನರಿನ ತಲೆಯ ಮೇಲೆ "ವಾರ್ಷಿಕೋತ್ಸವ" ಅಂತ ದೊಡ್ಡದಾಗಿ ಇದೆ, ಅಲ್ಲೂ ಇದೇ ರ್ಷಿ ಬರುತ್ತದೆ, ಅದು ಸರಿಯಾಗಿಯೇ ಇದೆ. ಅದನ್ನು ನೀನು ಕೈಯಾರೆ ನುಡಿಯಲ್ಲಿ ಹೊಡೆದಿದ್ದೀಯ. ಹೆಸರುಗಳು ಮಾತ್ರ ವಾಟ್ಸಾಪಿನಿಂದ ಬಂದವು. ಅವನ್ನು ನೀನು ಯೂನಿಕೋಡಿನಿಂದ ನುಡಿಗೆ ಕನ್ವರ್ಟ್ ಮಾಡಿ ಅಂಟಿಸಿದ್ದೀಯ, ಅಲ್ವಾ?

ಮೂಲ ಮೆಸೇಜನ್ನೇ ತೆಗೆದು ನೋಡಿದೆ. ಹರ್ಷಿತಾ ಮನೆಯವರು ಫೋನಿನಲ್ಲಿ "ಹಷಿ೯ತಾ" ಅಂತ ಹೊಡೆದು ಕಳಿಸಿದ್ದಾರೆ. ಅಲ್ಲಿರೋದು ಅರ್ಕಾವತ್ತಲ್ಲ, ಕನ್ನಡದ ಒಂಬತ್ತು. ಎರಡೂ ನೋಡೋಕೆ ಒಂದೇ ತರ, ಎಷ್ಟೋ ಜನ ಹೀಗೇ ಹೊಡೆಯುತ್ತಾರೆ, ಕನಾ೯ಟಕ ಅಂತ ಬರೆದ ಬೋರ್ಡುಗಳನ್ನು ನೀನೇ ಬೇಕಾದಷ್ಟು ನೋಡಿರ್ತೀಯ. ಓದೋ ಕಣ್ಣಿಗೆ ಗೊತ್ತಾಗಲ್ಲ, ಕಂಪ್ಯೂಟರಿಗೆ ಅದು ಬರೀ ಅಂಕಿ. ಕನ್ವರ್ಟರ್ ಕೂಡ ಅದನ್ನು ಅಂಕಿ ಅಂತಲೇ ತಿಳಿದು 9 ಮಾಡಿದೆ.

ಹಾಗಾದರೆ ಮೊದಲನೇ ಪ್ರೂಫಲ್ಲಿ ಯಾಕೆ ಯಾರಿಗೂ ಕಾಣಲಿಲ್ಲ? ಆಗ ನೀನು ಹೆಸರುಗಳನ್ನು Nudi 01 k ಫಾಂಟಲ್ಲಿ ಇಟ್ಟಿದ್ದೆ. ಆ ಫಾಂಟಲ್ಲಿ ಅಂಕಿಗಳೆಲ್ಲ ಕನ್ನಡದಲ್ಲಿ ಬರುತ್ತವೆ, ಅಂಕವೂ ೬೧೨ ಅಂತ ಇತ್ತು, ಹೆಸರಿನ 9 ಕೂಡ ೯ ಆಗಿ ಅರ್ಕಾವತ್ತಿನ ಹಾಗೇ ಕಂಡಿತು. ಆಮೇಲೆ ಹೆಡ್‌ಮಾಸ್ಟರು ಅಂಕಗಳು ಇಂಗ್ಲಿಷ್ ಅಂಕಿಯಲ್ಲಿರಲಿ ಅಂದರು, ನೀನು ಇಡೀ ಸಾಲನ್ನು Nudi 01 e ಮಾಡಿದೆ. ಅಲ್ಲಿಗೆ ಅದರ ಬಣ್ಣ ಬಯಲಾಯಿತು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡು.

ಅನುಮಾನ ಇದ್ದರೆ ಆ ಹೆಸರನ್ನು ಸೆಲೆಕ್ಟ್ ಮಾಡಿ ಸುಮ್ನೆ ಒಂದು ಸಲ Arial ಮಾಡು. ಸರಿಯಾದ ಹೆಸರು ಹೀಗೆ ಕಾಣಬೇಕು:

```
ºÀ¶ðvÁ
```

ಈಗ ನಿನ್ನ ಫೈಲಲ್ಲಿ ಇರೋದು ಹೀಗಿರುತ್ತದೆ:

```
ºÀ¶9vÁ
```

ಅರ್ಕಾವತ್ತು ಅಂದರೆ ಆ ð. ಅದು ಇರಬೇಕಾದ ಜಾಗದಲ್ಲಿ 9 ಇದೆ, ಅಷ್ಟೇ ವಿಷಯ. ಆದರೆ ದಯವಿಟ್ಟು 9 ಇದ್ದಲ್ಲೆಲ್ಲ ð ಹಾಕು ಅಂತ ರಿಪ್ಲೇಸ್ ಆಲ್ ಒತ್ತಬೇಡ ಗುರು. ಮೂರನೇ ಹುಡುಗನ ಅಂಕ 609. ಅವನಿಗೆ ಅರವತ್ತರ ಮೇಲೊಂದು ಅರ್ಕಾವತ್ತು ಬರುತ್ತದೆ. ಆ ಒಂದು ಹೆಸರನ್ನು ಅಳಿಸಿ ನುಡಿಯಲ್ಲಿ ಹೊಸದಾಗಿ ಹೊಡಿ: ಹ, ಆಮೇಲೆ ರ, f ಕೀ, ಷ, ಗುಡಿಸು, ಕೊನೆಗೆ ತಾ. ತಾ ದೀರ್ಘವೇ, ಅವಳ ಮಾರ್ಕ್ಸ್ ಕಾರ್ಡಲ್ಲೂ ಹಾಗೇ ಇದೆ. ಮುಂದಿನ ಇನಿಷಿಯಲ್ ಬಿ.ಎಸ್. ಸರಿಯಾಗಿದೆ, ಅದನ್ನು ಮುಟ್ಟಬೇಡ, ಅದೇ ಕ್ಲಾಸಲ್ಲಿ ಇನ್ನೊಬ್ಬ ಹರ್ಷಿತಾ ಇದ್ದಳು.

ದರ್ಶನ್, ಕೀರ್ತನಾ ಎರಡನ್ನೂ ನೋಡಿದೆ, ಸರಿ ಇವೆ. ನಿನ್ನ ಹತ್ತಿರ ಆ ವಾಟ್ಸಾಪ್ ಪಟ್ಟಿ ಇನ್ನೂ ಇದ್ದರೆ ಕನ್ವರ್ಟ್ ಮಾಡೋ ಮೊದಲಿನ ಪಠ್ಯದಲ್ಲಿ ೯ ಅಂತ ಹುಡುಕು. ಅಂಕಗಳನ್ನೆಲ್ಲ ನಾವು ಇಂಗ್ಲಿಷ್ ಅಂಕಿಯಲ್ಲೇ ಕೊಟ್ಟಿದ್ದೇವೆ, ಹಾಗಾಗಿ ಅಲ್ಲಿ ಸಿಗೋ ಪ್ರತಿ ೯ ಕೂಡ ಯಾರದೋ ಹೆಸರಿನ ಅರ್ಕಾವತ್ತೇ. ಬೇರೆ ಶಾಲೆಗಳ ಕೆಲಸಕ್ಕೂ ಇದು ಆಗುತ್ತದೆ. ಈ ಸೀಸನ್ನಲ್ಲಿ ಬ್ಯಾನರ್ ಮಾಡೋರು, ಹೆಸರು ಕಳಿಸೋರು ಎಲ್ಲರೂ ನೋಡಲಿ ಅಂತಲೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ, ಬೇಜಾರಾಗಬೇಡ.

ಒಂದೇ ಭಯ. ಪ್ರಿಂಟಿಗೆ ಕಳಿಸೋ ಮೊದಲು ನೀನು ಕೋರೆಲ್ ಡ್ರಾದಲ್ಲಿ ಎಲ್ಲಾ ಸೆಲೆಕ್ಟ್ ಮಾಡಿ Ctrl+Q ಒತ್ತುತ್ತೀಯ. ಕರ್ವ್ಸ್ ಆದಮೇಲೆ ಅಕ್ಷರ ಅಕ್ಷರವಾಗಿ ಉಳಿಯಲ್ಲ, ಬರೀ ಚಿತ್ರ. ಆಗಲೇ ಮಾಡಿ ಸೇವ್ ಆಗಿದ್ದರೆ ಆ ಫೈಲಲ್ಲಿ ತಿದ್ದೋಕೆ ಒದ್ದಾಡಬೇಡ, ಅದಕ್ಕಿಂತ ಹಿಂದಿನ ಫೈಲ್ ತೆಗೆದು ತಿದ್ದು. ಬೇರೆ ಕಡೆಯಿಂದ ಅರ್ಕಾವತ್ತು ಕತ್ತರಿಸಿ ಅಂಟಿಸಿದರೆ ದಪ್ಪ ಹೊಂದಲ್ಲ, ಆ ಸೈಜಿಗೆ ಎದ್ದು ಕಾಣುತ್ತದೆ.

ತಿದ್ದಿದ ಮೇಲೆ ಇಡೀ ಬ್ಯಾನರ್ ಬೇಡ, ಆ ಹೆಸರುಗಳ ಸಾಲನ್ನಷ್ಟೇ ದೊಡ್ಡದು ಮಾಡಿ ಕಳಿಸು. ಊಟದ ಬಿಡುವಿನಲ್ಲಿ ನೋಡಿ ಓಕೆ ಹೇಳುತ್ತೇನೆ. ಬಾಕಿ ದುಡ್ಡು ನಾಳೆ ಸಂಜೆ ಬಿ.ಎಚ್. ರಸ್ತೆ ಕಡೆ ಬಂದಾಗ ಅಂಗಡಿಗೇ ಬಂದು ಕೊಡ್ತೀನಿ.

ನಿನ್ನ,
ಕನ್ನಡ ಮೇಷ್ಟ್ರು