ಬರ್ತೀನಿ ಅಂದವರಲ್ಲಿ ಬರುವವರೆಷ್ಟು?

ಪ್ರೀತಿಯ ಸೀನ,

ನಮ್ಮ ಹಳೇ ಸಹಪಾಠಿಗಳ ಕೂಟಕ್ಕೆ ನೂರಿಪ್ಪತ್ತು ಜನರ ಅಡುಗೆ ಹೇಳಿಬಿಡೋಣ ಅಂತ ಬರೆದಿದ್ದೀಯ. ಸ್ವಲ್ಪ ತಡಿ ಮಾರಾಯ.

ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟ ಮೇಲೆ ನಮ್ಮ 1998ರ ಎಸ್ಸೆಸ್ಸೆಲ್ಸಿ ಬ್ಯಾಚಿನ ದಾಖಲಾತಿ ಪುಸ್ತಕ ನೋಡೋಕೆ ಸಿಕ್ಕಿತು. ಎರಡೂ ಸೆಕ್ಷನ್ ಸೇರಿ 92 ಹೆಸರು. ಮೂವರು ತೀರಿಹೋಗಿದ್ದಾರೆ, 71 ಜನ ಸಿಕ್ಕಿದ್ದಾರೆ. ಹುಡುಗರನ್ನು ಹುಡುಕೋದು ಕಷ್ಟವಾಗಲಿಲ್ಲ, ಒಬ್ಬ ಸಿಕ್ಕರೆ ಅವನ ಹಿಂದೆ ನಾಲ್ಕು ಜನ. ಹೆಣ್ಣುಮಕ್ಕಳದ್ದೇ ಪಾಡು. ಮದುವೆಯಾಗಿ ಇನಿಷಿಯಲ್ ಬದಲಾಗಿರುತ್ತೆ, ಫೇಸ್‌ಬುಕ್ಕಿನಲ್ಲಿ ಮಗುವಿನ ಫೋಟೊ ಹಾಕಿರುತ್ತಾರೆ. ಅದಕ್ಕೆ ಪುಸ್ತಕದಲ್ಲಿದ್ದ ತಂದೆಯ ಹೆಸರು, ಊರು ಹಿಡಿದು ತವರುಮನೆಗೇ ಹೋದೆವು. ಅಲ್ಲಿ ನಂಬರ್ ಕೇಳಬಾರದು, ನಮ್ಮ ನಂಬರ್ ಕೊಟ್ಟು ಬರಬೇಕು. ಗೊಬ್ಬರದಂಗಡಿ ಇಟ್ಟಿರುವ ಗಿರಿಜಳ ಅಣ್ಣ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಚೀಟಿಯನ್ನು ಬಿಲ್ ಪುಸ್ತಕದೊಳಗೆ ಸಿಕ್ಕಿಸಿಕೊಂಡ. ಆ ವಾರದಲ್ಲೇ ಗಿರಿಜ ಫೋನ್ ಮಾಡಿದಳು. ಈಗ ಹೆಣ್ಣುಮಕ್ಕಳ ಪಟ್ಟಿ ಪೂರ್ತಿ ಅವಳ ಕೈಲಿದೆ, ನಾವು ಬಾಯಿ ಹಾಕೋದಿಲ್ಲ.

ಇನ್ನು ಬರುವವರ ಲೆಕ್ಕ. ಗ್ರೂಪಿನಲ್ಲಿ ಹೆಬ್ಬೆಟ್ಟು ಒತ್ತಿದ್ದನ್ನು ಒಪ್ಪಿಗೆ ಅಂತ ಹಿಡಿಯಬೇಡ. ಒಬ್ಬೊಬ್ಬರಿಗೂ ಫೋನ್ ಮಾಡಿದಾಗ ಬರ್ತೀನಿ ಅಂದವರು 56. ತಲೆಗೆ 500 ಅಡ್ವಾನ್ಸ್ ಅಂದೆವು, ಕಳಿಸಿದವರು 31. ಇವರಲ್ಲಿ ಮೂವರಿಗಾದರೂ ಕೊನೇ ಗಳಿಗೆಯಲ್ಲಿ ಏನೋ ಅಡ್ಡ ಬರುತ್ತೆ, 28 ಅಂತಿಟ್ಟುಕೊ. ದುಡ್ಡು ಕಳಿಸದ 25 ಜನರಲ್ಲಿ ಊರ ಸುತ್ತಮುತ್ತ ಇರುವವರು 14, ಅವರಲ್ಲಿ ಅರ್ಧ ಬಂದಾರು. ದೂರದವರಲ್ಲಿ ಒಬ್ಬರೋ ಇಬ್ಬರೋ. ದೂರದವರನ್ನು "ಯಾವ ಬಸ್ಸಿಗೆ ಬರ್ತೀಯ?" ಅಂತ ಕೇಳಿ ನೋಡು. ಬರುವವನು ಬಸ್ಸಿನ ಹೊತ್ತು ಹೇಳುತ್ತಾನೆ, ಬಾರದವನು "ನೋಡೋಣ ಬಿಡು" ಅನ್ನುತ್ತಾನೆ.

ಅಲ್ಲಿಗೆ ನಾವು 37. ಮನೆಯವರು, ಮಕ್ಕಳು 14. ಮೇಷ್ಟ್ರುಗಳು ಆರು ಜನ, ವಯಸ್ಸಾದವರು, ಜೊತೆಗೆ ಕರೆತರುವವರು ನಾಲ್ಕು. ಒಟ್ಟು 61. ಭಟ್ಟರಿಗೆ 65 ಊಟ ಹೇಳೋಣ. ಹತ್ತು ಜನ ಹೆಚ್ಚಾದರೆ ಅನ್ನ ಸಾರು ಹೇಗೋ ನಿಭಾಯಿಸಬಹುದು, ಹೋಳಿಗೆ ಮಾತ್ರ ಎಣಿಸಿಯೇ ತಟ್ಟುವುದು. ಅದನ್ನಷ್ಟು ಜಾಸ್ತಿ ಮಾಡಿಸೋಣ.

ಆಷಾಢದ ಎರಡನೇ ಭಾನುವಾರ ಇಟ್ಟಿದ್ದಕ್ಕೆ ರಾಜ ಮೂಗು ಮುರಿದ. ಆಗ ಲಗ್ನಗಳಿಲ್ಲ, ಯಾರಿಗೂ ನೆಂಟರ ಮದುವೆಯ ನೆಪವಿಲ್ಲ. ಛತ್ರದ ಬಾಡಿಗೆಯನ್ನೂ ಚೌಕಾಸಿ ಮಾಡಬಹುದು.

ದುಬೈ ಪ್ರಕಾಶ 25,000 ಕೊಡ್ತೀನಿ ಅಂದಿದ್ದಾನೆ. ಕೊಟ್ಟಾನು, ಆದರೆ ಅಕೌಂಟಿಗೆ ಬೀಳುವವರೆಗೆ ಅದನ್ನು ಜಮೆ ಕಡೆ ಬರೆಯೋದಿಲ್ಲ. ಗುರುವಂದನೆಯ ಶಾಲು, ಹಾರ, ಛತ್ರದ ಮುಂಗಡ ಎಲ್ಲ ಕೈಗೆ ಬಂದ ದುಡ್ಡಿನಲ್ಲೇ. ಅವನದು ಬಂದರೆ ಶಾಲೆಗೆ ಬೆಂಚು.

ಅಂದಹಾಗೆ, ದುಡ್ಡು ಕಳಿಸದ ಆ 25 ಜನರ ಪಟ್ಟಿಯಲ್ಲಿ ನಿನ್ನ ಹೆಸರೂ ಇದೆ. ಭಾನುವಾರದೊಳಗೆ ಕಳಿಸು, ಜೊತೆಗೆ ಪಿಟಿ ಮೇಷ್ಟ್ರ ಮಗನ ನಂಬರ್ ಕೂಡ.

ನಿನ್ನ,
ಮಂಜ